ಖಾತೆ ಮಾವನ ಹೆಸರಲ್ಲಿದ್ದರೆ ಸೊಸೆ ಹೊರಡಬೇಕೆ?

“ಸಾಗರದಲ್ಲಿ ಮಾವನ ಮನೆ, ಆರು ವರ್ಷದಿಂದ ಇಲ್ಲೇ ಇದ್ದೇನೆ. ‘ಖಾತೆ ನನ್ನದು, ಹೊರಡು’ ಅಂತ ಎಸಿ ಕಚೇರಿಗೆ ಅರ್ಜಿ ಹಾಕಿದ್ದಾರೆ. ಹೋಗಲೇಬೇಕಾ?”

ಖಾತೆ ನೋಡಿ ಹೆದರಿ ಮನೆ ಬಿಡಬೇಡಿ ಮೇಡಂ. 2005ರ ಕೌಟುಂಬಿಕ ಹಿಂಸೆ ಕಾಯ್ದೆಯಲ್ಲಿ ನೀವು ಸಂಸಾರ ಮಾಡಿದ ಮನೆ ‘ಹಂಚಿಕೊಂಡ ಮನೆ’, ಅಲ್ಲಿ ವಾಸಿಸುವ ಹಕ್ಕು ನಿಮಗಿದೆ. ಆ ಮನೆ ಗಂಡನ ಹೆಸರಿನಲ್ಲೇ ಇರಬೇಕಿಲ್ಲ ಎಂದು ಸುಪ್ರೀಂ ಕೋರ್ಟ್ 2020ರಲ್ಲಿ ಹೇಳಿದೆ. ಹಿರಿಯ ನಾಗರಿಕರ ಕಾಯ್ದೆಯಡಿ ಹೊರಹಾಕಿಸಿ ಈ ಹಕ್ಕನ್ನು ತಪ್ಪಿಸುವಂತಿಲ್ಲ ಎಂದೂ ಅದೇ ವರ್ಷ ತೀರ್ಪಾಯಿತು, ಅದು ಬೆಂಗಳೂರಿನದೇ ಪ್ರಕರಣ.

ಎಸಿ ಮುಂದೆ ಗೈರಾದರೆ ಏಕಪಕ್ಷೀಯ ಆದೇಶ ಬರಬಹುದು. ಹೋಗಿ ಲಿಖಿತ ತಕರಾರು ಕೊಡಿ, ಸ್ವೀಕೃತಿ ಪಡೆಯಿರಿ. ಆದರೆ ತಕರಾರಷ್ಟೇ ಸಾಲದು. ಸಿಡಿಪಿಒ ಕಚೇರಿಯಲ್ಲಿ ಸಂರಕ್ಷಣಾಧಿಕಾರಿಗೆ ದೂರು ಕೊಟ್ಟು, ಮ್ಯಾಜಿಸ್ಟ್ರೇಟ್ ಕೋರ್ಟಿನಲ್ಲಿ ಕೌಟುಂಬಿಕ ಹಿಂಸೆ ಕಾಯ್ದೆಯ ಸೆಕ್ಷನ್ 12ರ ಅರ್ಜಿ ಹಾಕಿ, ಸೆಕ್ಷನ್ 23ರಡಿ ಮಧ್ಯಂತರ ವಾಸದ ಆದೇಶ ಕೇಳಿ. ರೇಷನ್ ಕಾರ್ಡ್, ಆಧಾರ್, ಮಕ್ಕಳ ಶಾಲೆಯ ವಿಳಾಸ ಲಗತ್ತಿಸಿ.

ಹಲವರು ಎಡವುವುದು ಇಲ್ಲಿ: ಅರ್ಜಿಯಲ್ಲಿ ‘ಮನೆ ಬೇಕು’ ಎಂದಷ್ಟೇ ಬರೆಯುತ್ತಾರೆ. ಬೀಗ ಬದಲಿಸಿದ್ದು, ಅಡುಗೆಮನೆಗೆ ಬಿಡದಿದ್ದು, ಬೈದದ್ದು ದಿನಾಂಕದೊಂದಿಗೆ ಇರಬೇಕು. ಹಿಂಸೆ ಕಾಣದಿದ್ದರೆ ವಾಸದ ಆದೇಶ ಸಿಗದು.

ಇದು ವಾಸದ ಹಕ್ಕು, ಪಾಲಲ್ಲ. ವೃದ್ಧರ ನೆಮ್ಮದಿಯನ್ನೂ ತೂಗಿ, ಕೋರ್ಟ್ ಗಂಡನಿಗೆ ಬೇರೆ ಮನೆ ಮಾಡಿಕೊಡಲೋ ಬಾಡಿಗೆ ಕಟ್ಟಲೋ ಹೇಳಬಹುದು.