ಇಟಲಿಯ ಗೆಳತಿ ಪರೀಕ್ಷೆಯಲ್ಲಿ ನಪಾಸಾದಾಗ ಏನು ಬರೆಯಬೇಕು?

ಪ್ರಶ್ನೆ: ನನ್ನ ಇಟಾಲಿಯನ್ ಗೆಳತಿ ಪರೀಕ್ಷೆಯಲ್ಲಿ ನಪಾಸಾದೆ ಎಂದು ತುಂಬಾ ಬೇಸರದಿಂದ ಮೆಸೇಜ್ ಕಳಿಸಿದ್ದಾಳೆ. ನನ್ನ ಇಟಾಲಿಯನ್ ಅಷ್ಟಕ್ಕಷ್ಟೇ. ಒಂದೂ ತಪ್ಪಿಲ್ಲದೆ, ಧೈರ್ಯ ತುಂಬುವ ಹಾಗೆ, ಸ್ವಲ್ಪ ದೊಡ್ಡದಾಗಿಯೇ ಉತ್ತರ ಬರೆಯುವುದು ಹೇಗೆ?

ಬೊಲೊನ್ಯಾದಲ್ಲಿ ಓದುತ್ತಿದ್ದ ಮೊದಲ ವರ್ಷ, ಫೆಬ್ರವರಿಯ ಒಂದು ಸಂಜೆ, ನಮ್ಮ ಬಾಡಿಗೆ ಮನೆಯ ಪಕ್ಕದ ಕೋಣೆಯವಳಿಂದ ನನಗೂ ಇಂಥದೇ ಮೆಸೇಜ್ ಬಂದಿತ್ತು. 'ಮಿ ಆನ್ನೊ ಬೊಚ್ಚಾತಾ ದಿ ನುವೋವೊ' ಎಂದಷ್ಟೇ ಇತ್ತು. ಮತ್ತೆ ನಪಾಸು ಎಂದು ಅರ್ಥ. ವಿಷಯ ಕಲನಶಾಸ್ತ್ರ, ಅವಳಿಗೆ ಅದು ಮೂರನೆಯ ಪ್ರಯತ್ನ. ನನಗೆ ಇಟಾಲಿಯನ್ ಕಲಿಸಿದ್ದೇ ಅವಳಾದ್ದರಿಂದ ಋಣ ತೀರಿಸುವ ಉತ್ಸಾಹದಲ್ಲಿ ನಿಘಂಟು ಹಿಡಿದು ಕುಳಿತು, ಮುಕ್ಕಾಲು ಗಂಟೆ ತಿಣುಕಿ, ಹದಿನೈದು ಸಾಲಿನ ಪತ್ರವನ್ನು ಬರೆದು ಕಳಿಸಿದೆ. ಸೋಲೇ ಗೆಲುವಿನ ಸೋಪಾನ ಎಂಬುದನ್ನೂ ಅನುವಾದಿಸಿ ಸೇರಿಸಿದ್ದೆ. ಅವಳಿಂದ ಬಂದದ್ದು ಎರಡೇ ಪದ: 'ಫಲ್ಲೀತಾ? ಅದ್ದಿರಿತ್ತೂರಾ.' ನೀನು ಅಲ್ಲಿಯವರೆಗೂ ಹೋದೆಯಾ, ಎಂಬ ಧಾಟಿಯಲ್ಲಿ ಇಟಲಿಯವರು ಆಡುವ ಮಾತು ಅದು.

ಆ ಪತ್ರದ ಮೊದಲ ವಾಕ್ಯವೇ ನನ್ನನ್ನು ಕೆಡಿಸಿತ್ತು. ನೀನು ಫೇಲ್ ಆದದ್ದಕ್ಕೆ ಬೇಸರವಾಯಿತು ಎಂದು ಹೇಳಲು ಹೊರಟ ನನಗೆ ನಿಘಂಟು 'ಫಲ್ಲೀರೆ' ಎಂಬ ಕ್ರಿಯಾಪದವನ್ನು ಕೊಟ್ಟಿತು. ಇಂಗ್ಲಿಷಿನ ಫೇಲ್‌ಗೂ ಅದಕ್ಕೂ ಮೂಲ ಒಂದೇ, ಕೇಳುವುದಕ್ಕೂ ಹತ್ತಿರ, ಆದ್ದರಿಂದ ಸಂಶಯವೇ ಬರಲಿಲ್ಲ. ಇನ್ನು ಭೂತಕಾಲ ಕಟ್ಟಬೇಕಾದರೆ ಇಟಾಲಿಯನ್‌ನಲ್ಲಿ ಎರಡು ಸಹಾಯಕ ಕ್ರಿಯಾಪದಗಳಲ್ಲಿ ಒಂದನ್ನು ಆರಿಸಿಕೊಳ್ಳಬೇಕು: 'ಅವೇರೆ', ಅಂದರೆ ಹೊಂದಿರುವುದು, ಅಥವಾ 'ಎಸ್ಸೆರೆ', ಅಂದರೆ ಆಗಿರುವುದು. ನಾವು ಕನ್ನಡದಲ್ಲಿ ಫೇಲ್ 'ಆಗುತ್ತೇವೆ' ತಾನೇ? ಆ 'ಆಗು' ನನ್ನ ತಲೆಯಲ್ಲಿದ್ದುದರಿಂದ ಎಸ್ಸೆರೆಯನ್ನು ಹಿಡಿದು 'ಸೇಯಿ ಫಲ್ಲೀತಾ' ಎಂದು ಬರೆದೆ. ಅವೇರೆ ಹಾಕಿದ್ದರೆ ಕೈಗೊಂಡದ್ದು ಕೈಗೂಡಲಿಲ್ಲ ಎಂಬಷ್ಟು ಅರ್ಥ ಬರುತ್ತಿತ್ತು, ಅದೂ ಒಂದು ಪರೀಕ್ಷೆಯ ಮಟ್ಟಿಗೆ ಭಾರವಾದ ಮಾತೇ. ಎಸ್ಸೆರೆಯೊಂದಿಗೆ ಬಂದಾಗ ಅದು ಅಂಗಡಿ, ಬ್ಯಾಂಕು, ಕಂಪನಿಗಳ ಬಗ್ಗೆ ಆಡುವ ಮಾತು: ದಿವಾಳಿಯಾದೆ. ಇದೇ 'ಫಲ್ಲೀತಾ' ನಾಮಪದವಾದರೆ ಇನ್ನೂ ಕ್ರೂರ, ಬಾಳಿನಲ್ಲಿ ಯಾವುದಕ್ಕೂ ಬಾರದೆ ಹೋದವಳು ಎಂದು. ಮೂರನೆಯ ಬಾರಿ ಕಲನಶಾಸ್ತ್ರದಲ್ಲಿ ಸೋತು ಮಲಗಿದ್ದವಳಿಗೆ ನಾನು ಗೋಡೆಯಾಚೆಯಿಂದ ಕಳಿಸಿದ ಸಾಂತ್ವನ ಅದು.

ಮರುದಿನ ಅಡುಗೆಮನೆಯಲ್ಲಿ ಕಾಫಿ ಕಾಯಿಸುವ ಮೋಕಾ ಪಾತ್ರೆ ಗೊರಗುಟ್ಟುತ್ತಿದ್ದಾಗ ಅವಳು ನನ್ನ ಕಡೆ ತಿರುಗದೆಯೇ ಇದನ್ನೆಲ್ಲ ವಿವರಿಸಿದಳು. ಭಾಷೆ ಬಾರದವನು ಎಂದು ಅವಳಿಗೆ ಗೊತ್ತಿತ್ತು, ಆದರೂ ಆ ಪದವನ್ನು ಓದಿದ ಕ್ಷಣದ ನೋವು ನಿಜವೇ ಆಗಿತ್ತು. ಏಪ್ರಿಲ್‌ವರೆಗೂ ಪಾಠ ನಿಂತಿತ್ತು.

ಹೇಗೆ ಹೇಳಬೇಕಿತ್ತು ಎಂಬುದು ಅವಳ ಮೆಸೇಜಿನಲ್ಲೇ ಇತ್ತು, ನಾನು ಗಮನಿಸಿರಲಿಲ್ಲ. 'ಮಿ ಆನ್ನೊ ಬೊಚ್ಚಾತಾ' ಎಂದರೆ ಅಕ್ಷರಶಃ 'ಅವರು ನನ್ನನ್ನು ನಪಾಸು ಮಾಡಿದರು' ಎಂದು. ಅಲ್ಲಿ ವಿದ್ಯಾರ್ಥಿ ಕರ್ತೃವಲ್ಲ, ಕರ್ಮ. ಅವಳು ಬಳಸಿದ ಪದವನ್ನೂ ತಿರುಗಿ ಅವಳಿಗೇ ಹೇಳುವ ಅಗತ್ಯವಿಲ್ಲ. ಇಟಲಿಯವರು ಸಾಮಾನ್ಯವಾಗಿ ಬರೆಯುವುದು 'ಮಿ ದಿಸ್ಪ್ಯಾಚೆ ಕೆ ಸೀಯಾ ಅಂದಾತಾ ಕೊಸೀ', ಅಂದರೆ ಹೀಗಾದದ್ದಕ್ಕೆ ನನಗೆ ಬೇಸರ. ಇದರಲ್ಲಿ ನಪಾಸು ಎಂಬ ಮಾತೇ ಇಲ್ಲ, ಗೆಳತಿಯೂ ಇಲ್ಲ. 'ಅಂದಾತಾ' ಸ್ತ್ರೀಲಿಂಗವಾಗಿರುವುದು ನಿಮ್ಮ ಗೆಳತಿ ಹೆಣ್ಣು ಎಂಬ ಕಾರಣಕ್ಕಲ್ಲ, ಹೇಳದೆ ಬಿಟ್ಟ 'ಸಂಗತಿ' ಎಂಬ ಪದ ಆ ಭಾಷೆಯಲ್ಲಿ ಸ್ತ್ರೀಲಿಂಗ ಎಂಬ ಕಾರಣಕ್ಕೆ, ಆದ್ದರಿಂದ ಗೆಳೆಯನಿಗೆ ಬರೆದರೂ ಅದು ಹಾಗೆಯೇ ಇರುತ್ತದೆ. 'ಮಿ ದಿಸ್ಪ್ಯಾಚೆ' ಮಾತ್ರ ಕನ್ನಡಿಗರಿಗೆ ತೀರಾ ಸುಲಭ, ಏಕೆಂದರೆ ಅದು 'ನನಗೆ ಬೇಸರವಾಗಿದೆ' ಎಂಬುದರ ಪಡಿಯಚ್ಚು: ಮಿ ಎಂದರೆ ನನಗೆ. ಇಲ್ಲಿ ಇಂಗ್ಲಿಷಿನ 'ಸಾರಿ'ಯ ಮೂಲಕ ಹೋದವರೇ ಎಡವಿ, ಕ್ಷಮೆ ಕೇಳುವ 'ಸ್ಕೂಸಾ' ಬರೆದುಬಿಡುತ್ತಾರೆ.

ನಿಮ್ಮ ಪ್ರಶ್ನೆಯಲ್ಲಿ ನಾನು ಒಪ್ಪದಿರುವುದು 'ಸ್ವಲ್ಪ ದೊಡ್ಡದಾಗಿಯೇ' ಎಂಬ ಮಾತನ್ನು. ಉದ್ದವಾದಷ್ಟೂ ನಿಘಂಟಿನಿಂದ ಎತ್ತಿದ ಪದಗಳು ಹೆಚ್ಚುತ್ತವೆ, ಅವಳು ಅಳುತ್ತಾ ನಿಮ್ಮ ವ್ಯಾಕರಣವನ್ನು ಬಿಡಿಸಿ ಓದಬೇಕಾಗುತ್ತದೆ. ಧೈರ್ಯ ತುಂಬುವುದನ್ನೂ ಆ ದಿನವೇ ಮಾಡಬೇಡಿ. ನನ್ನ ಮಟ್ಟಿಗೆ ಈ ನಾಲ್ಕು ಸಾಲು ಸಾಕು:

```
Nooo, mi dispiace tanto che sia andata così.
So quanto hai studiato.
Stasera non pensarci. Se ti va, domani ci prendiamo un caffè?
Un abbraccio
```

ಎರಡನೆಯ ಸಾಲು, ನೀನು ಎಷ್ಟು ಓದಿದ್ದೆ ಎಂದು ನನಗೆ ಗೊತ್ತು ಎಂಬುದು. ಅವಳು ನಿಜವಾಗಿಯೂ ಓದಿದ್ದರೆ ಮಾತ್ರ ಇದನ್ನು ಉಳಿಸಿಕೊಳ್ಳಿ, ಇಲ್ಲದಿದ್ದರೆ ವ್ಯಂಗ್ಯವಾಗುತ್ತದೆ. ಮೂರನೆಯದು, ಇವತ್ತು ರಾತ್ರಿ ಅದನ್ನು ಯೋಚಿಸಬೇಡ, ಮನಸ್ಸಿದ್ದರೆ ನಾಳೆ ಕಾಫಿ ಕುಡಿಯೋಣವೇ ಎಂದು. ನೀವು ಬೇರೆ ಊರಿನಲ್ಲಿದ್ದರೆ ಕಾಫಿಯ ಬದಲು `ci sentiamo domani?` ಎಂದು ಹಾಕಿ, ನಾಳೆ ಫೋನಿನಲ್ಲಿ ಮಾತಾಡೋಣವೇ ಎಂದು ಅರ್ಥ. ಕೊನೆಯದು ಅಪ್ಪುಗೆ. 'ತಿ ಸೊನೊ ವಿಚೀನೊ', ನಿನ್ನ ಜೊತೆಗಿದ್ದೇನೆ, ಎಂಬ ಚಂದದ ಮಾತು ನಿಮ್ಮ ಕಣ್ಣಿಗೆ ಬೀಳಬಹುದು, ಆದರೆ ಅದು ಹೆಚ್ಚಾಗಿ ಸಾವು, ದೊಡ್ಡ ಕಾಯಿಲೆಗಳ ಸಂದರ್ಭದ್ದು. 'ಕೆ ಪೆಕ್ಕಾತೊ' ಇದಕ್ಕೆ ಪೂರ್ತಿ ವಿರುದ್ಧ, ಔತಣಕ್ಕೆ ಬರಲಾಗದವರಿಗೆ ಛೇ ಎನ್ನುವಷ್ಟು ಹಗುರ.

ಬರೆಯುವ ಮೊದಲು ಅವಳು ಯಾವ ಪರೀಕ್ಷೆಯಲ್ಲಿ ನಪಾಸಾದಳು ಎಂಬುದನ್ನು ಮಾತ್ರ ತಿಳಿದುಕೊಳ್ಳಿ. ಅಲ್ಲಿನ ವಿಶ್ವವಿದ್ಯಾಲಯಗಳಲ್ಲಿ 30ಕ್ಕೆ 18 ಬಂದರೆ ಪಾಸು, ಒಂದೇ ವಿಷಯಕ್ಕೆ ವರ್ಷದಲ್ಲಿ ಹಲವು ಬಾರಿ ಪರೀಕ್ಷೆ ನಡೆಯುತ್ತದೆ, ಪ್ರತಿ ಸರದಿಗೆ 'ಅಪ್ಪೆಲ್ಲೊ' ಎಂದು ಹೆಸರು. 20 ಬಂದರೂ ಕಡಿಮೆಯಾಯಿತೆಂದು ಆ ಅಂಕವನ್ನು ನಿರಾಕರಿಸಿ ಮುಂದಿನ ಅಪ್ಪೆಲ್ಲೊಗೆ ಕೂರುವವರನ್ನು ನಾನೇ ನೋಡಿದ್ದೇನೆ. ನಮ್ಮೂರಿನಲ್ಲಿ ಸಪ್ಲಿಮೆಂಟರಿ ಎಂದೊಡನೆ ನೆಂಟರೆಲ್ಲ ಫೋನು ಮಾಡುವ ಹಾಗಲ್ಲ. ಆದರೆ ಅವಳಿನ್ನೂ ಶಾಲೆಯಲ್ಲಿದ್ದು 'ಬೊಚ್ಚಾತಾ' ಆಗಿದ್ದರೆ ಅದೇ ತರಗತಿಯಲ್ಲಿ ಇಡೀ ವರ್ಷ ಮತ್ತೆ ಕೂರಬೇಕು, ಗೆಳೆಯರೆಲ್ಲ ಮುಂದಿನ ತರಗತಿಗೆ ಹೋಗಿರುತ್ತಾರೆ. ಅವಳಿಗೆ ಮುಂದಿನ ಅಪ್ಪೆಲ್ಲೊ ಇದೆಯಲ್ಲ ಎಂದು ಬರೆದರೆ ನನ್ನ ದಿವಾಳಿಗಿಂತ ಕೆಟ್ಟದಾದೀತು.

ಅವಳು 'ಗ್ರಾತ್ಸಿಯೆ' ಎಂದು ಉತ್ತರಿಸಿದಾಗ ಪಠ್ಯಪುಸ್ತಕದ 'ಪ್ರೇಗೊ' ಬರೆಯಬೇಡಿ, ಗೆಳತಿಗೆ ಅದು ಅಂಗಡಿಯವನ ಮಾತಿನಂತೆ ಕೇಳಿಸೀತು. `Figurati` ಎನ್ನಿ, ಅಯ್ಯೋ ಅದೇನು ಮಹಾ, ಎಂದ ಹಾಗೆ.