ಅಮ್ಮನ ಮೊದಲ ಆಟ: ಎಡವಿದ್ದು ಬುದ್ಧಿಯಲ್ಲ, ಬೆರಳು

ಪ್ರಶ್ನೆ: ನನ್ನ ತಾಯಿಗೆ 71 ವರ್ಷ. ಹಿಂದೆಂದೂ ವಿಡಿಯೋ ಗೇಮ್ ಆಡಿದವರಲ್ಲ. ಟ್ಯಾಬ್ಲೆಟ್‌ನಲ್ಲಿ ಮೂರು ಬಣ್ಣ ಹೊಂದಿಸುವ ಉಚಿತ ಆಟವೊಂದನ್ನು ಹಾಕಿಕೊಟ್ಟೆ. ನಾಲ್ಕೇ ದಿನಕ್ಕೆ "ಇದೆಲ್ಲ ನನ್ನ ಕೈಲಾಗದು" ಎಂದು ಬದಿಗಿಟ್ಟರು. ಕೈ ತುಸು ನಡುಗುತ್ತದೆ, ಬುದ್ಧಿ ಮಾತ್ರ ಚುರುಕಾಗಿದೆ. ಯಾವ ಆಟದಿಂದ ಆರಂಭಿಸಬೇಕು?

ಉತ್ತರ: ನಿಮ್ಮ ತಾಯಿಯವರ ಮಾತನ್ನು ಅಕ್ಷರಶಃ ತೆಗೆದುಕೊಳ್ಳಿ; ಅದು ನಿಜವಾಗಿಯೂ ಕೈಯ ತೊಂದರೆಯೇ ಇರಬಹುದು. ಬಣ್ಣ ಹೊಂದಿಸುವ ಆಟದಲ್ಲಿ ಒಂದು ಚೌಕವನ್ನು ಪಕ್ಕದ ಚೌಕಕ್ಕೆ ಸರಿಯಾಗಿ ಒಂದೇ ದಿಕ್ಕಿನಲ್ಲಿ ಎಳೆಯಬೇಕು. ನಡುಗುವ ಬೆರಳು ಅಡ್ಡಕ್ಕೆ ಎಳೆಯಲು ಹೋಗಿ ಕೆಳಕ್ಕೆ ಜಾರಿದರೆ ಬೇಡದ ಚೌಕ ಅದಲುಬದಲಾಗುತ್ತದೆ. ಅಲ್ಲಿ ಆಕಸ್ಮಿಕವಾಗಿ ಬಣ್ಣ ಹೊಂದಿಬಿಟ್ಟರೆ ಎಣಿಸಿ ಕೊಟ್ಟ ನಡೆಗಳಲ್ಲಿ ಒಂದು ಕಡಿಮೆಯಾಗುತ್ತದೆ. ನಡೆಗಳು ಮುಗಿದರೆ ಸೋಲು, ಸೋತರೆ ಜಾಹೀರಾತು, ಆ ಜಾಹೀರಾತನ್ನು ಮುಚ್ಚಲು ಮೂಲೆಯಲ್ಲಿ ಸಾಸಿವೆಯಷ್ಟು ಚಿಕ್ಕ ಗುರುತು. ಯಾವ ಎರಡು ಬಣ್ಣಗಳನ್ನು ಸೇರಿಸಬೇಕೆಂದು ಸ್ಪಷ್ಟವಾಗಿ ತಿಳಿದಿದ್ದ ವ್ಯಕ್ತಿಗೂ ಆಟ ಮತ್ತೆ ಮತ್ತೆ "ನೀವು ಸೋತಿರಿ" ಎಂದೇ ಹೇಳುತ್ತದೆ. ಹೀಗಾಗಿ ಮೊದಲ ಆಟವನ್ನು ಆರಿಸುವಾಗ ಒಗಟು ಎಷ್ಟು ಸುಲಭ ಎಂಬುದಕ್ಕಿಂತ, ಕೈ ತಪ್ಪಿದರೆ ಆಟ ಏನು ಮಾಡುತ್ತದೆ ಎಂಬುದನ್ನು ನಾನು ಮೊದಲು ನೋಡುತ್ತೇನೆ.

ಆಟ ಬದಲಿಸುವ ಮುನ್ನ ಐದು ನಿಮಿಷ ಅವರ ಪಕ್ಕದಲ್ಲಿ ಕುಳಿತು, ಪರದೆಯನ್ನು ಬಿಟ್ಟು ಬೆರಳನ್ನೇ ಗಮನಿಸಿ. ನನ್ನ ಚಿಕ್ಕಮ್ಮ ಮೊದಲ ಸಲ ಟ್ಯಾಬ್ಲೆಟ್ ಹಿಡಿದಾಗ ಕರೆಗಂಟೆ ಒತ್ತುವಂತೆ ಬೆರಳನ್ನು ಊರಿ, ಉಗುರಿನ ತುದಿ ಬೆಳ್ಳಗಾಗುವವರೆಗೂ ಒತ್ತಿ ಹಿಡಿಯುತ್ತಿದ್ದರು. ಟ್ಯಾಬ್ಲೆಟ್ ಅದನ್ನು ತಟ್ಟಿದ್ದು ಎಂದು ತಿಳಿಯದೆ, ದೀರ್ಘ ಒತ್ತು ಎಂದು ತಿಳಿದು ಬೇರೇನೋ ಪಟ್ಟಿಯನ್ನು ತೆರೆಯುತ್ತಿತ್ತು. ಇನ್ನೊಂದು ಕೈಯ ಹೆಬ್ಬೆರಳು ಟ್ಯಾಬ್ಲೆಟ್‌ನ ಅಂಚನ್ನು ಹಿಡಿದುಕೊಂಡಾಗ ಪರದೆಗೆ ತಾಗಿ, ಅದೂ ಒಂದು ಸ್ಪರ್ಶವೆಂದು ಎಣಿಕೆಯಾಗುತ್ತಿತ್ತು. ಸ್ಪರ್ಶಪರದೆಗೆ ಬಲ ಬೇಕಿಲ್ಲ, ಚರ್ಮ ತಾಗಿದರೆ ಸಾಕು ಎಂಬುದು ನಮಗೆ ಅಭ್ಯಾಸವಾಗಿ ಮರೆತೇ ಹೋಗಿದೆ; ಹೊಸಬರಿಗೆ ಅದನ್ನು ಯಾರಾದರೂ ಹೇಳಿಕೊಡಬೇಕು. ಚರ್ಮ ತೀರ ಒಣಗಿದ್ದರೆ ಪರದೆ ಬೆರಳನ್ನು ಗುರುತಿಸದೆಯೂ ಇರಬಹುದು, ಆಗ ಅವರು ಇನ್ನಷ್ಟು ಬಲವಾಗಿ ಒತ್ತುತ್ತಾರೆ. ಟ್ಯಾಬ್ಲೆಟ್ ಅನ್ನು ಕೈಯಲ್ಲಿ ಹಿಡಿಸದೆ ಮೇಜಿನ ಮೇಲೆ ಸ್ವಲ್ಪ ಓರೆಯಾಗಿ ನಿಲ್ಲಿಸಿ, ಮಣಿಕಟ್ಟು ಮೇಜಿಗೆ ಊರುವಂತೆ ಕೂರಿಸಿದರೆ ನಡುಕದ ತೊಂದರೆ ಎಷ್ಟೋ ಕಡಿಮೆಯಾಗುತ್ತದೆ.

ಉಳಿದದ್ದನ್ನು ಸೆಟ್ಟಿಂಗ್ಸ್‌ನಲ್ಲಿ ಸರಿಪಡಿಸಬಹುದು. ಐಪ್ಯಾಡ್ ಆದರೆ Settings ಒಳಗೆ Accessibility, ಅದರೊಳಗೆ Touch, ಅದರೊಳಗೆ Touch Accommodations ತೆರೆಯಿರಿ. ಅಲ್ಲಿರುವ Ignore Repeat ಆನ್ ಮಾಡಿದರೆ ನಡುಕದಿಂದ ಬೆನ್ನು ಬೆನ್ನಿಗೆ ತಾಗಿದ ಎರಡು ಮೂರು ಸ್ಪರ್ಶಗಳು ಒಂದೇ ಎಂದು ಎಣಿಕೆಯಾಗುತ್ತವೆ. Hold Duration ಆನ್ ಮಾಡಿದರೆ ಕ್ಷಣಮಾತ್ರ ತಾಗಿಹೋದ ಬೆರಳನ್ನು ಪರದೆ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಆದರೆ ಅವಧಿಯನ್ನು ತುಂಬ ಹೆಚ್ಚಿಸಿದರೆ ಟ್ಯಾಬ್ಲೆಟ್ ಕೆಟ್ಟುಹೋಗಿದೆ ಎಂದೇ ಅನ್ನಿಸುತ್ತದೆ, ಆದ್ದರಿಂದ ಅತಿ ಕಡಿಮೆ ಅವಧಿಯಿಂದ ಆರಂಭಿಸಿ ಅಗತ್ಯವಿದ್ದಷ್ಟೇ ಏರಿಸಿ. ಆಂಡ್ರಾಯ್ಡ್‌ನಲ್ಲಿ Accessibility ಒಳಗೆ Touch & hold delay ಎಂಬುದಿದೆ; ಒತ್ತಿ ಹಿಡಿಯುವ ಅಭ್ಯಾಸದವರಿಗೆ ಅದನ್ನು ದೀರ್ಘ ಅವಧಿಗೆ ಇಡಿ.

ಇನ್ನು ಆಟದ ವಿಷಯ. ನಿಮ್ಮ ತಾಯಿಯವರಿಗೆ ನಾನು ಸೂಚಿಸುವುದು 2021ರಲ್ಲಿ ಬಂದ ಅನ್‌ಪ್ಯಾಕಿಂಗ್. ಒಬ್ಬ ಹೆಣ್ಣುಮಗಳು ಬದುಕಿನುದ್ದಕ್ಕೂ ಮನೆಯಿಂದ ಮನೆಗೆ ಹೋಗುತ್ತಾಳೆ. ಪ್ರತಿ ಸಲವೂ ಪೆಟ್ಟಿಗೆ ಬಿಚ್ಚಿ, ಸಾಮಾನುಗಳನ್ನು ಒಂದೊಂದಾಗಿ ತೆಗೆದು ಕೋಣೆಯಲ್ಲಿ ಜೋಡಿಸುವುದಷ್ಟೇ ಆಟ. ಗಡಿಯಾರವಿಲ್ಲ, ಅಂಕಗಳಿಲ್ಲ, ಸೋಲು ಎಂಬುದೇ ಇಲ್ಲ. ಒಮ್ಮೆ ಕೊಂಡರೆ ನಡುನಡುವೆ ಜಾಹೀರಾತಿನ ಕಾಟವೂ ಇಲ್ಲ. ಓದಬೇಕಾದ ಮಾತು ತೀರ ಕಡಿಮೆಯಾದ್ದರಿಂದ ಇಂಗ್ಲಿಷ್ ಬಾರದವರಿಗೂ ಅಡ್ಡಿಯಾಗುವುದಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಹಲ್ಲುಜ್ಜುವ ಬ್ರಷ್ ಎಲ್ಲಿರಬೇಕು, ಪುಸ್ತಕ ಎಲ್ಲಿರಬೇಕು ಎಂಬ ತಿಳಿವಳಿಕೆಯೇ ಇಲ್ಲಿನ ಜಾಣ್ಮೆ, ಮನೆ ನಡೆಸಿದವರಿಗೆ ಅದು ಮೊದಲೇ ಬಂದಿರುತ್ತದೆ.

ಮೊದಲ ಹಂತ 1997ನೆಯ ಇಸವಿಯ ಒಂದೇ ಒಂದು ಮಲಗುವ ಕೋಣೆ. ಮೊದಲ ದಿನಕ್ಕೆ ಅಷ್ಟು ಸಾಕು. ಮನೆಯಲ್ಲಿ ಕಂಪ್ಯೂಟರ್ ಇದ್ದರೆ ಟ್ಯಾಬ್ಲೆಟ್‌ಗಿಂತ ಅದರಲ್ಲೇ ಆಡಿಸುವುದು ಮೇಲು ಎಂಬುದು ನನ್ನ ಅಭಿಪ್ರಾಯ: ಕೈ ಮೌಸ್ ಮೇಲೆ ಊರಿರುತ್ತದೆ, ಬಾಣ ಎಲ್ಲಿದೆಯೆಂದು ಕಾಣುತ್ತದೆ, ವಸ್ತುವನ್ನು ಎತ್ತಲು ಒಮ್ಮೆ ಕ್ಲಿಕ್, ಇಡಲು ಇನ್ನೊಮ್ಮೆ ಕ್ಲಿಕ್ ಮಾಡಿದರಾಯಿತು, ನಡುವೆ ಗುಂಡಿಯನ್ನು ಒತ್ತಿಕೊಂಡೇ ಇರಬೇಕಾಗಿಲ್ಲ. ಬಲಗುಂಡಿ ಒತ್ತಿದರೆ ವಸ್ತು ತಿರುಗುತ್ತದೆ ಎಂಬುದನ್ನು ಮೊದಲ ದಿನ ಹೇಳಬೇಡಿ.

ಒಂದು ಕಡೆ ಮಾತ್ರ ಎಚ್ಚರ ಬೇಕು. ಪೆಟ್ಟಿಗೆಗಳೆಲ್ಲ ಖಾಲಿಯಾದ ಮೇಲೆ, ತಪ್ಪು ಜಾಗದಲ್ಲಿರುವ ವಸ್ತುಗಳ ಸುತ್ತ ಕೆಂಪು ಗೆರೆ ಮಿನುಗುತ್ತದೆ. ಚಿಕ್ಕಮ್ಮ ಅದನ್ನು ಕಂಡದ್ದೇ ಮೌಸ್‌ನಿಂದ ಕೈ ತೆಗೆದು "ಏನೋ ಕೆಡಿಸಿಬಿಟ್ಟೆ ನೋಡು" ಎಂದರು. ಅರ್ಧ ಗಂಟೆಯಿಂದ ಅವರು ಬಲು ಅಚ್ಚುಕಟ್ಟಾಗಿ ಜೋಡಿಸಿದ್ದ ಕೋಣೆ ಅದು. ಇದಕ್ಕೆ ಆಟದಲ್ಲೇ ಪರಿಹಾರವಿದೆ: ಸೆಟ್ಟಿಂಗ್ಸ್‌ನ ಅಕ್ಸೆಸಿಬಿಲಿಟಿ ವಿಭಾಗದಲ್ಲಿ ಯಾವ ವಸ್ತುವನ್ನು ಎಲ್ಲಿ ಬೇಕಾದರೂ ಇಡಲು ಬಿಡುವ ಆಯ್ಕೆಯನ್ನು ಆನ್ ಮಾಡಿದರೆ ಕೆಂಪು ಗೆರೆ ಬರುವುದೇ ಇಲ್ಲ. ಆಗ ಒಗಟಿನ ಅಂಶ ಹೋಗಿಬಿಡುತ್ತದೆ, ನಿಜ. ಮೊದಲ ಎರಡು ಹಂತಗಳನ್ನು ಹಾಗೆ ಆಡಿಸಿ, ಕೈ ಪಳಗಿದ ಮೇಲೆ ಆ ಆಯ್ಕೆಯನ್ನು ತೆಗೆದು, ಕೆಂಪು ಗೆರೆಯ ಅರ್ಥವನ್ನು ಮೊದಲೇ ತಿಳಿಸಿ ಮುಂದುವರಿಸಿ. ಆಟದ ಮಿತಿಯನ್ನೂ ಹೇಳಿಬಿಡುತ್ತೇನೆ: ಚಿತ್ರಗಳು ಚಿಕ್ಕ ಚಿಕ್ಕ ಚುಕ್ಕೆಗಳಿಂದ ಮಾಡಿದವು, ಕೆಲವು ವಸ್ತುಗಳು ಏನೆಂದು ನನಗೂ ಕೂಡಲೇ ಗೊತ್ತಾಗಿರಲಿಲ್ಲ. ದೃಷ್ಟಿ ಮಂದವಾಗಿದ್ದರೆ ಫೋನಿನಲ್ಲಿ ಖಂಡಿತ ಆಡಿಸಬೇಡಿ.

ಟ್ಯಾಬ್ಲೆಟ್ ಒಂದೇ ಇದ್ದು, ತಾಯಿಯವರಿಗೆ ಇಸ್ಪೀಟು ಗೊತ್ತಿದ್ದರೆ ಸಾಲಿಟೇರ್‌ನಿಂದಲೂ ಆರಂಭಿಸಬಹುದು. 1990ರಲ್ಲಿ ವಿಂಡೋಸ್ 3.0 ಜೊತೆ ಬಂದ ಈ ಆಟದಲ್ಲೇ ಎಷ್ಟೋ ಜನ ಮೌಸ್ ಹಿಡಿಯುವುದನ್ನು ಕಲಿತರು. ಎಲೆಯನ್ನು ತಟ್ಟಿದರೆ ತಾನೇ ಸರಿಯಾದ ಜಾಗಕ್ಕೆ ಹೋಗುವಂಥ, ಹಿಂದಿನ ನಡೆಯನ್ನು ಎಷ್ಟು ಸಲವಾದರೂ ರದ್ದುಮಾಡಬಹುದಾದ ಆವೃತ್ತಿಯನ್ನೇ ಆರಿಸಿ. ಕೆಲವು ಹಂಚಿಕೆಗಳನ್ನು ಯಾರೂ ಬಿಡಿಸಲಾರರು. ಅದನ್ನು ಮೊದಲೇ ಹೇಳದಿದ್ದರೆ ಅದನ್ನೂ ಅವರು ತಮ್ಮ ತಪ್ಪೆಂದೇ ತಿಳಿಯುತ್ತಾರೆ. ಗೆಲ್ಲಬಹುದಾದ ಹಂಚಿಕೆಗಳನ್ನಷ್ಟೇ ಕೊಡುವ ಆಯ್ಕೆ ಹಲವು ಆವೃತ್ತಿಗಳಲ್ಲಿ ಇರುತ್ತದೆ.

ಬಣ್ಣದ ಆಟದ ಆಸೆ ಅವರಿಗೆ ಇನ್ನೂ ಉಳಿದಿದ್ದರೆ, ಕಂಪ್ಯೂಟರ್‌ನಲ್ಲಿ ಬಿಜ್ಯುವೆಲ್ಡ್ 3 ಎಂಬುದರ ಝೆನ್ ವಿಧಾನವನ್ನು ತೆರೆದುಕೊಡಿ. ಅಲ್ಲಿ ನಡೆಗಳ ಎಣಿಕೆಯಿಲ್ಲ, ಆಟ ಮುಗಿಯುವುದೂ ಇಲ್ಲ, ಎಳೆಯುವ ಬದಲು ಒಂದು ಹರಳನ್ನು ಕ್ಲಿಕ್ ಮಾಡಿ ಅನಂತರ ಪಕ್ಕದ್ದನ್ನು ಕ್ಲಿಕ್ ಮಾಡಿದರೂ ಅವು ಅದಲುಬದಲಾಗುತ್ತವೆ.