ಝೀರೋ ಮಾಡುವ ಕೆಲಸಕ್ಕೆ ಪೋಲ್‌ಗಳನ್ನು ದೂರಬೇಡಿ

ಪ್ರಶ್ನೆ: ನನ್ನ ಸಿಸ್ಟಮ್‌ನ ಡ್ಯಾಂಪಿಂಗ್ ರೇಶಿಯೋ 0.5. ಸೂತ್ರ ಹಾಕಿದರೆ ಓವರ್‌ಶೂಟ್ 16.3% ಬರುತ್ತೆ. ಒಂದು ಝೀರೋ ಸೇರಿಸಿದ್ದಕ್ಕೆ ಅದು 30%ವರೆಗೆ ಹೋಯಿತು. ಪೋಲ್‌ಗಳು ಇದ್ದಲ್ಲೇ ಇವೆ. ಎಲ್ಲಿ ತಪ್ಪಿದೆ?

ನಿಮ್ಮ ಲೆಕ್ಕ ತಪ್ಪಿಲ್ಲ, ಸೂತ್ರವನ್ನು ಬಳಸಿದ ಜಾಗ ತಪ್ಪು. ಡ್ಯಾಂಪಿಂಗ್ ರೇಶಿಯೋ ಹೇಳುವುದು ಪೋಲ್‌ಗಳ ಬಗ್ಗೆ ಮಾತ್ರ: ಅಲೆ ಎಷ್ಟು ಬೇಗ ಅಡಗುತ್ತದೆ ಅಂತ. ಆ ಅಲೆ ಎಷ್ಟು ದೊಡ್ಡದಾಗಿ ಶುರುವಾಗುತ್ತದೆ ಅನ್ನುವುದರಲ್ಲಿ ಝೀರೋ ಕೂಡ ಕೈ ಹಾಕುತ್ತದೆ. `e^(−πζ/√(1−ζ²))` ಝೀರೋ ಇಲ್ಲದ, ಎರಡೇ ಪೋಲ್‌ಗಳಿರುವ ಸಿಸ್ಟಮ್‌ಗೆ ಮಾತ್ರ ಸರಿ. ಈ ಷರತ್ತನ್ನು ಬಿಟ್ಟು ಬರೀ ಸೂತ್ರವನ್ನು ಅಚ್ಚು ಹಾಕುವ ಪರೀಕ್ಷಾ ಗೈಡ್‌ಗಳ ಮೇಲೆ ನನಗೆ ನಿಜಕ್ಕೂ ಸಿಟ್ಟಿದೆ.

ನಿಮ್ಮ ಅಂಕಿಗಳಿಗೆ ಹೊಂದುವ ಸಿಸ್ಟಮ್ ಒಂದನ್ನು ತೆಗೆದುಕೊಳ್ಳೋಣ: `4/(s²+2s+4)`. ಇದರ ಸ್ಟೆಪ್ ರೆಸ್ಪಾನ್ಸ್ `y₀` ಆಗಿರಲಿ. ಈಗ −2ರಲ್ಲಿ ಝೀರೋ ಇಡಿ, ಅಂದರೆ ಮೇಲ್ಗಡೆ `(1 + s/2)` ಗುಣಿಸಿ. `s` ಅಂದರೆ ಡಿರೈವೇಟಿವ್ ಅಲ್ವಾ? ಹಾಗಾಗಿ ಹೊಸ ರೆಸ್ಪಾನ್ಸ್ ಹೀಗಾಗುತ್ತದೆ:

`y = y₀ + ½·y₀′`

ಹಳೇ ಕರ್ವ್, ಅದರ ಮೇಲೆ ಅದರದೇ ವೇಗದ ಅರ್ಧ. ಇಷ್ಟೇ ವಿಷಯ. ಈಗ 1.21ನೇ ಸೆಕೆಂಡಿನಲ್ಲಿ ನಿಂತು ನೋಡಿ. ಹಳೇ ಕರ್ವ್ ಆಗಷ್ಟೇ 1 ಮುಟ್ಟಿದೆ, ಓವರ್‌ಶೂಟ್ ಇನ್ನೂ ಶುರುವೇ ಆಗಿಲ್ಲ. ಆದರೆ ಅದು ಮೇಲಕ್ಕೆ ಓಡುತ್ತಿದೆ, ವೇಗ ಸೆಕೆಂಡಿಗೆ 0.597. ಅದರ ಅರ್ಧ 0.298. ಹೊಸ ಕರ್ವ್ ಆ ಹೊತ್ತಿಗಾಗಲೇ 1.298ರಲ್ಲಿದೆ, ಮತ್ತು ಅದೇ ಅದರ ಶಿಖರ. ನಿಮ್ಮ 30% ಬಂದಿದ್ದು ಇಲ್ಲಿಂದ. ಹಳೇ ಕರ್ವ್ ತನ್ನ ಶಿಖರ ತಲುಪುವುದು 1.81ನೇ ಸೆಕೆಂಡಿಗೆ. ಅಲ್ಲಿ ವೇಗ ಸೊನ್ನೆ, ಹಾಗಾಗಿ ಎರಡೂ ಕರ್ವ್‌ಗಳು 1.163ರಲ್ಲಿ ಸೇರುತ್ತವೆ. ಪ್ಲಾಟ್‌ನಲ್ಲಿ ಈ ಗುರುತು ಹುಡುಕಿ: ಹಳೇ ಶಿಖರದ ಮೇಲೇ ಹೊಸ ಕರ್ವ್ ಹಾದು ಇಳಿಯುತ್ತಿರಬೇಕು. ಹಾಗಿಲ್ಲದಿದ್ದರೆ `(1 + s/2)` ಬದಲು `(s + 2)` ಗುಣಿಸಿ ಗೇನ್ ದುಪ್ಪಟ್ಟು ಮಾಡಿಕೊಂಡಿದ್ದೀರಾ ಅಂತ ಮೊದಲು ನೋಡಿ.

ಝೀರೋವನ್ನು ದೂರ ತಳ್ಳಿದಂತೆ ವೇಗದ ಪಾಲು ಕಡಿಮೆಯಾಗುತ್ತದೆ. −4ರಲ್ಲಿ ಓವರ್‌ಶೂಟ್ 19.1%, −10ರಲ್ಲಿ 16.7%. ಅಷ್ಟು ದೂರದ್ದನ್ನು ಮರೆತರೂ ನಷ್ಟವಿಲ್ಲ. ಹತ್ತಿರ ತಂದು −1ರಲ್ಲಿಟ್ಟರೆ 70%. ಈ ನಾಲ್ಕರಲ್ಲೂ ಡ್ಯಾಂಪಿಂಗ್ ರೇಶಿಯೋ 0.5 ಇದ್ದ ಹಾಗೇ ಇದೆ.

ಕೆಲಸದಲ್ಲಿ ಈ ಝೀರೋವನ್ನು ಯಾರೂ ಬೇಕು ಅಂತ ಸೇರಿಸುವುದಿಲ್ಲ, ಕಂಟ್ರೋಲರ್ ಜೊತೆ ಬಂದುಬಿಡುತ್ತದೆ. ಪ್ಲಾಂಟ್ `4/s²`, ಕಂಟ್ರೋಲರ್ `1 + 0.5s` ಆದರೆ ಲೂಪ್ ಮುಚ್ಚಿದಾಗ ಸಿಗುವುದು ಮೇಲಿನ ಸಿಸ್ಟಮ್ಮೇ, −2ರ ಝೀರೋ ಸಮೇತ. ಓವರ್‌ಶೂಟ್ ಕಂಡ ತಕ್ಷಣ ಜನ ಡ್ಯಾಂಪಿಂಗ್ ಹೆಚ್ಚಿಸಲು ಡಿರೈವೇಟಿವ್ ಗೇನ್ ತಿರುಗಿಸುತ್ತಾರೆ. ಅದನ್ನು 1 ಮಾಡಿ: ಡ್ಯಾಂಪಿಂಗ್ ರೇಶಿಯೋ 1 ಆಗುತ್ತದೆ, ಆದರೆ ಝೀರೋ −1ಕ್ಕೆ ಸರಿದು ಬರುತ್ತದೆ. ಪೋಲ್‌ಗಳಲ್ಲಿ ತೂಗಾಟವೇ ಇಲ್ಲ, ಆದರೂ ಓವರ್‌ಶೂಟ್ 13.5%.

ನಾನು ಮಾಡುವುದು ಬೇರೆ. ಡಿರೈವೇಟಿವ್ ಅನ್ನು ಎರರ್‌ನಿಂದ ತೆಗೆಯುವುದಿಲ್ಲ, ಅಳೆದ ಔಟ್‌ಪುಟ್‌ನಿಂದ ಮಾತ್ರ ತೆಗೆಯುತ್ತೇನೆ. ಗೇನ್ ಅದೇ 0.5, ಪೋಲ್‌ಗಳೂ ಅವೇ. ಸೆಟ್‌ಪಾಯಿಂಟ್ ದಾರಿಯಲ್ಲಿ ಝೀರೋ ಇರುವುದಿಲ್ಲ, ಓವರ್‌ಶೂಟ್ 16.3%ಕ್ಕೆ ವಾಪಸ್. ಹೊರಗಿನ ಡಿಸ್ಟರ್ಬೆನ್ಸ್ ತಡೆಯುವ ಶಕ್ತಿ ಒಂದು ಚೂರೂ ಕಡಿಮೆಯಾಗುವುದಿಲ್ಲ. ಕಂಟ್ರೋಲರ್ ಒಳಗೆ ಕೈ ಹಾಕಲು ಆಗದಿದ್ದರೆ ಸೆಟ್‌ಪಾಯಿಂಟ್‌ಗೆ `1/(1 + 0.5s)` ಫಿಲ್ಟರ್ ಹಾಕಿ, ಫಲ ಅದೇ. ಬೆಲೆ ಏನೆಂದರೆ ಏರಿಕೆ ಸ್ವಲ್ಪ ನಿಧಾನ: 1.21ಕ್ಕೆ ಬರುತ್ತಿದ್ದ ಶಿಖರ 1.81ಕ್ಕೆ ಬರುತ್ತದೆ.

ಪ್ರಶ್ನೆ: ಝೀರೋ ಸೇರಿಸಿದರೆ ಸಿಸ್ಟಮ್ ಅನ್‌ಸ್ಟೇಬಲ್ ಆಗಿಬಿಡುತ್ತಾ?

ಮುಚ್ಚಿದ ಲೂಪ್‌ನ ಪೋಲ್‌ಗಳು ಅಲುಗದಿದ್ದರೆ ಇಲ್ಲ.

ಪ್ರಶ್ನೆ: ಝೀರೋ ಬಲಗಡೆ ಇದ್ದರೆ ಅಲ್ಲೇ ಒಂದು ಪೋಲ್ ಇಟ್ಟು ಹೊಡೆದುಹಾಕಬಹುದಾ?

ಖಂಡಿತ ಬೇಡ. ಆ ಪೋಲ್ ಅನ್‌ಸ್ಟೇಬಲ್. ಕಾಗದದ ಮೇಲೆ ಎರಡೂ ಮಾಯವಾದಂತೆ ಕಾಣುತ್ತವೆ, ಒಳಗಿನ ಸಿಗ್ನಲ್ ಬೆಳೆಯುತ್ತಲೇ ಹೋಗಿ ಆಕ್ಚುಯೇಟರ್ ತನ್ನ ಮಿತಿಗೆ ಹೋಗಿ ಕೂರುತ್ತದೆ.